ಎರಡು ಸಿಲಿಂಡರ್ ನಡುವೆ ಎಷ್ಟು ಹೊತ್ತು ಕೂರಬೇಕು?

ಪ್ರಶ್ನೆ: ಸರ್, ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಠಾಣೆಯಲ್ಲಿ ಲೀಡಿಂಗ್ ಫೈರ್‌ಮನ್. ಏಪ್ರಿಲ್‌ನಲ್ಲಿ ತೆಂಗಿನ ನಾರಿನ ಗೋಡೌನ್‌ಗೆ ಬೆಂಕಿ ಬಿತ್ತು. ನಮ್ಮ ಹುಡುಗನೊಬ್ಬ ಬೆನ್ನಿಗೆ ಹಾಕ್ಕೊಳ್ಳೋ ಉಸಿರಾಟದ ಗಾಳಿಯ ಎರಡು ಸಿಲಿಂಡರ್ ಮುಗಿಸಿ ಹೊರಗೆ ಬಂದ. ಮೂರನೇದು ಹಾಕ್ಕೊಳ್ಳೋಕೆ ಎದ್ದು ನಿಂತವನು ಹಾಗೇ ಕುಸಿದ. ಹೊಗೆ ಕುಡಿದಿರಲಿಲ್ಲ. ಪ್ರತಿ ಸಲ ಐದು ನಿಮಿಷ ಕೂತು ನೀರೂ ಕುಡಿದಿದ್ದ. ನಡುವೆ ಎಷ್ಟು ಹೊತ್ತು ಕೂರಿಸಬೇಕು, ಎಷ್ಟು ನೀರು ಕೊಡಬೇಕು? ಇರೋದೇ ಆರು ಜನ, ಸರದಿ ಹೇಗೆ ಹಾಕೋದು?

ಉತ್ತರ: ಮೊದಲು ಸಂಖ್ಯೆ ಹೇಳಿಬಿಡುತ್ತೇನೆ. ನಿಮ್ಮ ಠಾಣೆಯಲ್ಲಿರುವುದು 6.8 ಲೀಟರಿನ, 300 ಬಾರ್‌ನ ಕಾರ್ಬನ್ ಫೈಬರ್ ಸಿಲಿಂಡರ್ ಅಂತ ಇಟ್ಟುಕೊಳ್ಳುತ್ತೇನೆ. ಹಾಗಿದ್ದರೆ ಒಂದೊಂದು ಸಿಲಿಂಡರ್ ಮುಗಿದ ಮೇಲೂ 20 ನಿಮಿಷ ಕೂರಿಸಬೇಕು. ಸುಮ್ನೆ ಕೂರುವುದಲ್ಲ. ಕೋಟು ಬಿಚ್ಚಿ, ನೆರಳಲ್ಲಿ, ಕೈ ನೀರಲ್ಲಿ ಇಟ್ಟುಕೊಂಡು ಕೂರಬೇಕು. ಎರಡನೇ ಸಿಲಿಂಡರ್ ಆದ ಮೇಲೆ ಮೂರನೆಯದನ್ನು ಕೊಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಕೊಡಲೇಬೇಕಾದ ಸ್ಥಿತಿ ಬಂದರೆ ಅದಕ್ಕೆ ಬೇರೆ ಲೆಕ್ಕವಿದೆ, ಮುಂದೆ ಹೇಳುತ್ತೇನೆ.

ಈ 20 ನಿಮಿಷ ನನ್ನ ಸ್ವಂತ ಲೆಕ್ಕವಲ್ಲ. ಅಮೆರಿಕದ ಬೆಂಕಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಹೊರಡಿಸಿದ್ದ 1584 ಅನ್ನುವ ಮಾನದಂಡ ಇದನ್ನೇ ಹೇಳುತ್ತಿತ್ತು. 30 ನಿಮಿಷದ ಚಿಕ್ಕ ಸಿಲಿಂಡರ್ ಆದರೆ ಮೊದಲನೆಯದು ಮುಗಿದಾಗ ಕನಿಷ್ಠ 10 ನಿಮಿಷ, ಎರಡನೆಯದು ಮುಗಿದಾಗ ಕನಿಷ್ಠ 20 ನಿಮಿಷ ವಿಶ್ರಾಂತಿ. 45 ಅಥವಾ 60 ನಿಮಿಷದ ಸಿಲಿಂಡರ್ ಆದರೆ ಒಂದು ಮುಗಿದ ಕೂಡಲೇ 20 ನಿಮಿಷ. ನಮ್ಮ 6.8 ಲೀಟರಿನದು 45 ನಿಮಿಷದ ಗುಂಪಿಗೆ ಸೇರುತ್ತದೆ. ಅಂದರೆ ನಿಮ್ಮ ಹುಡುಗ ಮೊದಲ ಸಲ ಹೊರಗೆ ಬಂದಾಗಲೇ 20 ನಿಮಿಷ ಕೂರಬೇಕಿತ್ತು. ಐದೇ ನಿಮಿಷಕ್ಕೆ ಎದ್ದು ಹೋದ.

ಈಗ ಯಾಕೆ ಅನ್ನುವುದಕ್ಕೆ ಬರೋಣ. ಯಾಕೆ ಅಂತ ಗೊತ್ತಿದ್ದರೆ, ಸ್ಥಳದಲ್ಲಿ ಮೇಲಧಿಕಾರಿಗಳು ಅವಸರ ಮಾಡಿದಾಗ ನೀವು ಗಟ್ಟಿಯಾಗಿ ನಿಲ್ಲಬಹುದು.

ಸಿಲಿಂಡರಿನ ಮೇಲೆ 45 ನಿಮಿಷ ಅಂತ ಇರುವುದು ಸಾಧಾರಣ ಕೆಲಸದ ಲೆಕ್ಕ, ನಿಮಿಷಕ್ಕೆ 40 ಲೀಟರ್ ಗಾಳಿ ಅಂತ. 6.8ನ್ನು 300ರಿಂದ ಗುಣಿಸಿದರೆ ಸುಮಾರು 2040 ಲೀಟರ್ ಗಾಳಿ. ಗಾಳಿ ಮುಗಿಯುತ್ತಾ ಬಂತು ಅಂತ ಎಚ್ಚರಿಸುವ ವಿಸಲ್ 55 ಬಾರ್‌ಗೆ ಹೊಡೆಯುತ್ತದೆ. ಆ ಕೊನೆಯ 370 ಲೀಟರ್ ಹೊರಗೆ ಬರುವುದಕ್ಕೆ ಇಟ್ಟ ಗಾಳಿ, ಕೆಲಸಕ್ಕಲ್ಲ. ಕೆಲಸಕ್ಕೆ ಉಳಿಯುವುದು ಸುಮಾರು 1660. ಹೋಸಿನ ತುದಿಯ ಬ್ರಾಂಚ್ ಹಿಡಿದು, ನೀರು ತುಂಬಿದ ಹೋಸ್ ಎಳೆದುಕೊಂಡು, ನಾರಿನ ಬೇಲು ಕೀಳುವವನು ನಿಮಿಷಕ್ಕೆ 70 ಲೀಟರ್ ಎಳೆಯುತ್ತಾನೆ. ಭಾಗಿಸಿ ನೋಡಿ, 24 ನಿಮಿಷ ಬರುತ್ತದೆ.

ಆ 24 ನಿಮಿಷದಲ್ಲಿ ಅವನ ಮೈಯೊಳಗೆ ಏನಾಗುತ್ತದೆ? ಅಂಥ ಕೆಲಸಕ್ಕೆ ದೇಹ ನಿಮಿಷಕ್ಕೆ ಸುಮಾರು 10 ಕಿಲೋಕ್ಯಾಲರಿ ಸುಡುತ್ತದೆ. ಒಟ್ಟು 240. ಇದರಲ್ಲಿ ಐದನೇ ಒಂದು ಭಾಗ ಮಾತ್ರ ನಿಜವಾದ ಕೆಲಸಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಬಿಸಿ. ಅಂದರೆ ಹೆಚ್ಚು ಕಡಿಮೆ 190 ಕಿಲೋಕ್ಯಾಲರಿ ಬಿಸಿ ಒಳಗೇ ಹುಟ್ಟುತ್ತದೆ. 70 ಕೆಜಿ ತೂಗುವವನ ಮೈ ಬಿಸಿ ಒಂದು ಡಿಗ್ರಿ ಏರುವುದಕ್ಕೆ ಬೇಕಾಗುವುದು ಬರೀ 60 ಕಿಲೋಕ್ಯಾಲರಿ. ಬರಿಮೈಯಲ್ಲಿ ಗದ್ದೆ ಕೆಲಸ ಮಾಡುವವನಿಗೆ ಬೆವರು ಆರಿ ಈ ಬಿಸಿ ಹೊರಗೆ ಹೋಗುತ್ತದೆ. ಫೈರ್ ಸೂಟ್ ಒಳಗೆ ಬೆವರು ಆರುವುದಿಲ್ಲ, ಬರೀ ಇಳಿಯುತ್ತದೆ. ಸೂಟಿನ ಒಳಪದರ ಹೊರಗಿನ ನೀರನ್ನು ತಡೆಯುವುದಕ್ಕೆ ಇರುವಂಥದ್ದು. ಅದು ಒಳಗಿನ ಬೆವರಿನ ಆವಿಯನ್ನೂ ಬಹುಪಾಲು ತಡೆಯುತ್ತದೆ. ಹುಟ್ಟಿದ ಬಿಸಿಯಲ್ಲಿ ಮೂರನೇ ಒಂದು ಭಾಗ ಒಳಗೇ ಉಳಿದರೂ ಒಂದು ಸಿಲಿಂಡರಿಗೆ ಒಂದು ಡಿಗ್ರಿ ಏರಿತು. ಇದು ಬೆಂಕಿಯ ಬಿಸಿ ಸೇರಿಸದೆ ಹಾಕಿದ ಲೆಕ್ಕ.

37ರಲ್ಲಿ ಒಳಗೆ ಹೋದವನು 38ರಲ್ಲಿ ಹೊರಗೆ ಬರುತ್ತಾನೆ. ಇನ್ನೊಂದು ವಿಷಯ ಇಲ್ಲಿ ಮುಖ್ಯ. ಹೊರಗೆ ಬಂದ ಕೂಡಲೇ ಮೈ ಬಿಸಿ ಇಳಿಯಲು ಶುರುವಾಗುವುದಿಲ್ಲ. ಸ್ನಾಯುಗಳಲ್ಲಿ, ಸೂಟಿನಲ್ಲಿ ಕೂತ ಬಿಸಿ ಇನ್ನೂ ಐದು ಹತ್ತು ನಿಮಿಷ ಒಳಗಡೆಗೆ ಹರಿಯುತ್ತಲೇ ಇರುತ್ತದೆ. ಕೂತವನ ಮೈ ಬಿಸಿ ಏರುತ್ತಲೇ ಇರುತ್ತದೆ. ನೀವು ಐದು ನಿಮಿಷ ಕೂರಿಸಿ ಎಬ್ಬಿಸಿದಾಗ ಅವನು ಹೊರಗೆ ಬಂದಾಗ ಇದ್ದದ್ದಕ್ಕಿಂತ ಬಿಸಿಯಾಗಿದ್ದ, ತಣ್ಣಗಾಗಿರಲಿಲ್ಲ. ಸಿಲಿಂಡರ್ ಮಾತ್ರ ಹೊಸದು, 300 ಬಾರ್. ಗೇಜ್ ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ ಅಲ್ವಾ? ಮೋಸ ಹೋಗುವುದು ಅಲ್ಲೇ.

ಅವನು ಎದ್ದು ನಿಂತಾಗಲೇ ಕುಸಿದದ್ದೂ ಇದಕ್ಕೇ ಸರಿಹೊಂದುತ್ತದೆ. ಮೈ ಬಿಸಿಯಾದಾಗ ರಕ್ತ ಚರ್ಮದ ಕಡೆ ಹರಿಯುತ್ತದೆ. ಬೆವರಿ ರಕ್ತದ ನೀರಿನ ಅಂಶ ಕಡಿಮೆ ಆಗಿರುತ್ತದೆ. ಓಡಾಡುವಾಗ ಕಾಲಿನ ಸ್ನಾಯುಗಳು ಒತ್ತಿ ಒತ್ತಿ ರಕ್ತವನ್ನು ಮೇಲೆ ಕಳಿಸುತ್ತವೆ. ಸುಮ್ಮನೆ ನಿಂತರೆ ಆ ಒತ್ತು ನಿಲ್ಲುತ್ತದೆ. ರಕ್ತ ಕಾಲಲ್ಲೇ ನಿಲ್ಲುತ್ತದೆ, ತಲೆಗೆ ಸಾಲುವುದಿಲ್ಲ. ಬೆನ್ನಿಗೆ ಸೆಟ್ ಏರಿಸಿಕೊಂಡು ಬೆಲ್ಟ್ ಬಿಗಿಯುವ ಹೊತ್ತು ಹೀಗೆ ಬೀಳುವುದಕ್ಕೆ ಸರಿಯಾದ ಹೊತ್ತು.

ಆದರೆ ಒಂದು ಎಚ್ಚರಿಕೆ. ಹೊಗೆ ಕುಡಿದಿರಲಿಲ್ಲ ಅಂತ ಬರೆದಿದ್ದೀರಿ. ಒಳಗೆ ಇದ್ದಷ್ಟೂ ಹೊತ್ತು ಮಾಸ್ಕ್ ಮುಖದ ಮೇಲೇ ಇತ್ತಾ ಅಂತ ಅವನನ್ನೇ ಒಮ್ಮೆ ಕೇಳಿ. ನಾರು ಜ್ವಾಲೆ ಇಲ್ಲದೆ ಒಳಗೊಳಗೇ ಗಂಟೆಗಟ್ಟಲೆ ಕೆಂಡವಾಗಿರುತ್ತದೆ. ಆಗ ಬರುವುದು ಕಾರ್ಬನ್ ಮೊನಾಕ್ಸೈಡ್. ಹೊಗೆ ತೆಳುವಾಯಿತು ಅಂತ ಮಾಸ್ಕ್ ತೆಗೆಯುವವರು ತುಂಬಾ ಜನ. ತಲೆನೋವು, ವಾಂತಿ ಇದ್ದರೆ ಅದನ್ನೂ ಅನುಮಾನಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಆ ಸಾಮಾನ್ಯ ಯಂತ್ರಕ್ಕೆ ಮೊನಾಕ್ಸೈಡ್ ಹಿಡಿದ ರಕ್ತ ಮತ್ತು ಆಮ್ಲಜನಕ ಹಿಡಿದ ರಕ್ತದ ವ್ಯತ್ಯಾಸ ಗೊತ್ತಾಗುವುದಿಲ್ಲ. ಎದೆ ಬಿಗಿತ ಇತ್ತು ಅಂದರೆ ಹೃದಯದ ತಪಾಸಣೆ ಆಗಲೇಬೇಕು. ಅಮೆರಿಕದಲ್ಲಿ ಕರ್ತವ್ಯದ ಮೇಲೆ ಸತ್ತ ಅಗ್ನಿಶಾಮಕರ ಲೆಕ್ಕ ವರ್ಷ ವರ್ಷ ಇಟ್ಟಿದ್ದಾರೆ. ಅಲ್ಲಿ ಸುಟ್ಟು ಸತ್ತವರಿಗಿಂತ ಹೃದಯ ನಿಂತು ಸತ್ತವರೇ ಜಾಸ್ತಿ.

ನೀರಿನ ವಿಷಯ. ನೀರು ಕುಡಿದಿದ್ದನಲ್ಲ, ಮತ್ತೆ ಯಾಕೆ ಹೀಗಾಯಿತು ಅನ್ನುವ ಪ್ರಶ್ನೆಯನ್ನು ನಾನು ತರಬೇತಿಯಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಕುಡಿದ ನೀರು ಮೈಯನ್ನು ಹೆಚ್ಚು ತಣಿಸುವುದಿಲ್ಲ. ಲೆಕ್ಕ ಹಾಕೋಣ. ಅರ್ಧ ಲೀಟರ್ ನೀರು, 15 ಡಿಗ್ರಿ, ಚೆನ್ನಾಗಿ ತಣ್ಣಗಿದೆ. ಅದು 38ಕ್ಕೆ ಏರುವಷ್ಟರಲ್ಲಿ ಮೈಯಿಂದ ಎಳೆದುಕೊಳ್ಳುವ ಬಿಸಿ ಹನ್ನೊಂದೂವರೆ ಕಿಲೋಕ್ಯಾಲರಿ. ಒಂದು ಡಿಗ್ರಿಗೆ 60 ಅಂದೆನಲ್ಲ, ಹಾಗಾದರೆ ಇಳಿದದ್ದು ಒಂದು ಡಿಗ್ರಿಯಲ್ಲಿ ಐದನೇ ಒಂದು ಭಾಗ. ಕುಡಿಯುವುದು ರಕ್ತದ ಪ್ರಮಾಣ ಉಳಿಸಿಕೊಳ್ಳುವುದಕ್ಕೆ. ಬಿಸಿ ತೆಗೆಯುವುದಕ್ಕೆ ಬೇರೆ ದಾರಿ ಬೇಕು.

ಆ ದಾರಿ ಮುಂಗೈ. ಅಂಗೈಯಲ್ಲಿ, ಬೆರಳುಗಳಲ್ಲಿ ರಕ್ತವನ್ನು ಚರ್ಮದ ಹತ್ತಿರ ವೇಗವಾಗಿ ಹರಿಸುವ ವಿಶೇಷ ರಕ್ತನಾಳಗಳಿವೆ. ಮೈ ಕಾದಾಗ ಅವು ಪೂರ್ತಿ ತೆರೆದಿರುತ್ತವೆ. ಬೆರಳಿಂದ ಮೊಣಕೈವರೆಗೆ ಎರಡೂ ಕೈಗಳನ್ನು 10ರಿಂದ 20 ಡಿಗ್ರಿಯ ನೀರಲ್ಲಿ ಇಳಿಸಿದರೆ, ತಣ್ಣಗಾದ ರಕ್ತ ನೇರ ಒಳಗೆ ಹೋಗುತ್ತದೆ. ಕೆನಡಾದ ಟೊರೊಂಟೊದಲ್ಲಿ ಅಗ್ನಿಶಾಮಕರ ಮೇಲೆ ಮೂರು ರೀತಿ ಪರೀಕ್ಷೆ ಮಾಡಿ ನೋಡಿದ್ದಾರೆ. ಸುಮ್ಮನೆ ಕೂತವರಿಗಿಂತ ನೀರು ಚಿಮುಕಿಸುವ ಫ್ಯಾನ್ ಮುಂದೆ ಕೂತವರು ಹೆಚ್ಚು ಹೊತ್ತು ಕೆಲಸ ಮಾಡಿದರು. ಅವರಿಗಿಂತ ಮುಂಗೈ ನೀರಲ್ಲಿಟ್ಟವರು ಇನ್ನೂ ಹೆಚ್ಚು ಹೊತ್ತು ಮಾಡಿದರು. ಪರೀಕ್ಷೆಯ ಕೋಣೆಯಲ್ಲಿ 35 ಡಿಗ್ರಿ ಬಿಸಿ, 50 ಶೇಕಡಾ ತೇವ. ನಮ್ಮ ಮಂಡ್ಯದ ಬೇಸಿಗೆ ನೆನಪಾಗುತ್ತದೆ.

ಇದಕ್ಕೆ ದುಡ್ಡಿನ ಉಪಕರಣ ಏನೂ ಬೇಡ. ಒಬ್ಬನಿಗೆ ಎರಡು ಬಕೆಟ್, ಇಲ್ಲವೇ ಮೊಣಕೈ ಇಳಿಯುವಷ್ಟು ಆಳದ ಒಂದು ಪ್ಲಾಸ್ಟಿಕ್ ಟಬ್. ಬೋರ್‌ವೆಲ್ ನೀರು ನಮ್ಮ ಕಡೆ ಸುಮಾರು 26 ಡಿಗ್ರಿ ಇರುತ್ತದೆ. ಅದೂ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನ. 15 ಲೀಟರ್ ನೀರನ್ನು 26ರಿಂದ 18ಕ್ಕೆ ಇಳಿಸಲು ಒಂದೂಕಾಲು ಕೆಜಿ ಐಸ್ ಸಾಕು. ಕಬ್ಬಿನ ಹಾಲಿನ ಅಂಗಡಿ ಇಲ್ಲದ ರಸ್ತೆ ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ಅಲ್ಲಿಂದ ಒಬ್ಬರನ್ನು ಕಳಿಸಿ ತರಿಸಿ. ಜನ ಸೇರಿರುತ್ತಾರೆ, ಏನು ಮಾಡಲಿ ಅಂತ ಕೇಳುತ್ತಲೂ ಇರುತ್ತಾರೆ. ಅವರಿಗೆ ಕೊಡಬಹುದಾದ ಒಳ್ಳೆಯ ಕೆಲಸ ಇದು. ಒಬ್ಬ ಕೈ ತೆಗೆದ ಮೇಲೆ ನೀರು ಬದಲಿಸಿ. ಒಬ್ಬನ ಮೈಯಿಂದ 60 ಕಿಲೋಕ್ಯಾಲರಿ ಬಂದರೆ ಆ 15 ಲೀಟರ್ ನಾಲ್ಕು ಡಿಗ್ರಿ ಬಿಸಿಯಾಗಿರುತ್ತದೆ.

ಹೊರಗೆ ಬಂದವನು ಏನೇನು ಮಾಡಬೇಕು, ಹೇಳುತ್ತೇನೆ. ಮಾಸ್ಕ್, ಹುಡ್, ಹೆಲ್ಮೆಟ್, ಗ್ಲೌಸ್ ಮೊದಲು. ಆಮೇಲೆ ಕೋಟು ಪೂರ್ತಿ ಬಿಚ್ಚಬೇಕು. ಗುಂಡಿ ಬಿಚ್ಚಿ ಹಾಗೇ ಹಾಕಿಕೊಂಡಿರುವುದು ಲೆಕ್ಕಕ್ಕಿಲ್ಲ. ಪ್ಯಾಂಟು ಶೂ ತನಕ ಇಳಿಸಿ ಕೂರಬೇಕು. ಇದಕ್ಕೆ ನಮ್ಮ ಹುಡುಗರು ನಾಚಿಕೊಳ್ಳುತ್ತಾರೆ, ಸುತ್ತ ಜನ, ಮೊಬೈಲು. ಒಳಗೆ ಒಂದು ಹತ್ತಿಯ ಚಡ್ಡಿ ಹಾಕಿಕೊಂಡು ಬರಲು ಹೇಳಿ, ಇಲ್ಲವೇ ಗಾಡಿ ಮರೆಯಲ್ಲಿ ಕೂರಿಸಿ. ಕೂರುವ ಜಾಗ ಗಾಳಿ ಬರುವ ಕಡೆ ಇರಬೇಕು, ಪಂಪಿನ ಎಕ್ಸಾಸ್ಟ್‌ನಿಂದ ದೂರ. ನೀರಿನ ಗಾಡಿಯ, ಅಂದರೆ ಟೆಂಡರಿನ ನೆರಳು ಹತ್ತಿರವೇ ಇದೆ ಅಂತ ಅಲ್ಲೇ ಕೂರಿಸುತ್ತಾರೆ. ಅಲ್ಲಿ ಇಂಜಿನ್ ಬಿಸಿ, ಡೀಸೆಲ್ ಹೊಗೆ ಎರಡೂ ಇರುತ್ತವೆ. ಐವತ್ತು ಹೆಜ್ಜೆ ಆಚೆ ಹೊಂಗೆ ಮರ ಇದ್ದರೆ ಅದೇ ಒಳ್ಳೆಯದು.

ಕೈ, ಮುಖ, ಕತ್ತು ತೊಳೆದ ಮೇಲೆ ಕುಡಿಯಲು ಕೊಡಿ. ಮಸಿ ಕೈಯಲ್ಲಿ ಲೋಟ ಹಿಡಿದರೆ ಮಸಿ ಹೊಟ್ಟೆಗೇ ಹೋಗುತ್ತದೆ. ಅದರಲ್ಲಿ ಕ್ಯಾನ್ಸರ್ ತರುವ ವಸ್ತುಗಳಿವೆ. ತೊಳೆದ ಕೂಡಲೇ ಒಂದು ದೊಡ್ಡ ಲೋಟ, ಅಂದರೆ 250 ಮಿಲಿ. ಮುಂದಿನ 15 ನಿಮಿಷದಲ್ಲಿ ಗುಟುಕು ಗುಟುಕಾಗಿ ಇನ್ನೊಂದು ಅಷ್ಟೇ. ಒಂದು ವಿಶ್ರಾಂತಿಗೆ ಅರ್ಧ ಲೀಟರ್. ಗಂಟೆಗೆ ಒಂದು, ಒಂದೂಕಾಲು ಲೀಟರ್ ಮೀರಬಾರದು. ಸೂಟ್ ಒಳಗೆ ಬೆವರುವುದು ಗಂಟೆಗೆ ಒಂದರಿಂದ ಎರಡು ಲೀಟರ್. ಅಷ್ಟನ್ನೂ ಅಲ್ಲೇ ಕುಡಿದು ತುಂಬಿಸಲು ಆಗುವುದಿಲ್ಲ, ಹೊಟ್ಟೆ ಒಪ್ಪುವುದಿಲ್ಲ. ಒಂದೇ ಸಲ ಒಂದೂವರೆ ಲೀಟರ್ ಸುರಿದುಕೊಂಡವನು ಮಾಸ್ಕ್ ಹಾಕಿದ ಮೇಲೆ ವಾಂತಿ ಮಾಡಿಕೊಂಡರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಬರೀ ನೀರನ್ನೇ ಗಂಟೆಗಟ್ಟಲೆ ಅತಿಯಾಗಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಇನ್ನೊಂದು ತೊಂದರೆ ಶುರುವಾಗುತ್ತದೆ. ಅದರಲ್ಲೂ ತಲೆನೋವು, ವಾಂತಿ, ಮಂಕು. ನೋಡುವವರು ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ತಿಳಿದು ಇನ್ನೂ ನೀರು ಕೊಡುತ್ತಾರೆ.

ಮೊದಲ ಸಿಲಿಂಡರ್ ಆದ ಮೇಲೆ ಬರೀ ನೀರು ಸಾಕು. ಎರಡನೆಯದರ ನಂತರ ಉಪ್ಪು ಬೇಕು. ಒಂದು ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ, ಪೊಟ್ಟಣದ ಮೇಲೆ ಬರೆದಂತೆ. ಅವಸರಕ್ಕೆ ಒಂದು ಲೋಟಕ್ಕೆ ಪೂರ್ತಿ ಹಾಕಿಬಿಡುವುದು ತಪ್ಪು. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಚೆನ್ನಾಗಿ ಆಗುತ್ತದೆ. ಇನ್ನು ಎಳನೀರು. ಮದ್ದೂರಿನ ಮಾರುಕಟ್ಟೆ ಪಕ್ಕದಲ್ಲೇ ಇರುವಾಗ ಊರವರು ಪ್ರೀತಿಯಿಂದ ಎಳನೀರೇ ಕೊಚ್ಚಿ ಕೊಡುತ್ತಾರೆ. ಕುಡಿಯಿರಿ, ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗಿರುವುದು ಮುಖ್ಯವಾಗಿ ಸೋಡಿಯಂ. ಎಳನೀರಿನ ಜೊತೆ ಒಂದು ಚಿಟಿಕೆ ಉಪ್ಪು ಹಾಕಿಕೊಂಡರೆ ಸರಿಹೋಗುತ್ತದೆ. ಎನರ್ಜಿ ಡ್ರಿಂಕ್ ಡಬ್ಬ ಬೇಡ. ಆಗಲೇ ಓಡುತ್ತಿರುವ ಎದೆಬಡಿತವನ್ನು ಅದು ಇನ್ನೂ ಓಡಿಸುತ್ತದೆ.

ಒಂದು ತಪ್ಪು ನಾನು ಪದೇ ಪದೇ ನೋಡಿದ್ದೇನೆ. ಸೆಕೆ ಅಂತ ಸೂಟ್ ಮೇಲೆಯೇ ಹೋಸ್ ಬಿಡಿಸಿಕೊಂಡು ಮತ್ತೆ ಒಳಗೆ ಹೋಗುವುದು. ಒದ್ದೆ ಸೂಟು ಬೆಂಕಿ ಹತ್ತಿರ ಹೋದಾಗ ಒಳಗಿನ ನೀರು ಆವಿಯಾಗುತ್ತದೆ, ಬೆಂಕಿ ತಾಗದೆಯೇ ಚರ್ಮ ಬೇಯುತ್ತದೆ. ನೀರು ಹಾಕುವುದಾದರೆ ಸೂಟ್ ಬಿಚ್ಚಿ ಬರಿಮೈಗೆ ಹಾಕಿ.

ಈಗ ಕಷ್ಟದ ಭಾಗ, ಆರು ಜನರ ಸರದಿ. ಡ್ರೈವರ್ ಪಂಪು ಬಿಟ್ಟು ಬರುವಂತಿಲ್ಲ. ಯಾರು ಯಾವಾಗ ಒಳಗೆ ಹೋದರು ಅಂತ ಬರೆಯುವ ಬೋರ್ಡ್ ಹಿಡಿದು ನೀವು ನಿಲ್ಲಬೇಕು. ಉಳಿದವರು ನಾಲ್ವರು, ಎರಡು ಜೋಡಿ. ನಿಮ್ಮ ಆ ಗೋಡೌನನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ 11 ಗಂಟೆ, ಹೊರಗೆ 36 ಡಿಗ್ರಿ.

11ಕ್ಕೆ ಮೊದಲ ಜೋಡಿ ಒಳಗೆ. 24 ನಿಮಿಷ ಸಿಗುತ್ತದೆ ಅಂತ ಲೆಕ್ಕ ಹಾಕಿದೆವು. ನೀವು 20ಕ್ಕೇ ಕರೆಯಿರಿ, ವಿಸಲ್ ಕಾಯಬೇಡಿ. 11.20ಕ್ಕೆ ಅವರು ಹೊರಗೆ, ಎರಡನೇ ಜೋಡಿ ಒಳಗೆ. ಎರಡನೆಯವರು 11.40ಕ್ಕೆ ಹೊರಗೆ ಬರುತ್ತಾರೆ. ಮೊದಲ ಜೋಡಿಗೆ 20 ನಿಮಿಷ ಸಿಕ್ಕಿತು, ಆದರೆ ಸಿಲಿಂಡರ್ ಬದಲಿಸಿ, ಸೂಟ್ ಹಾಕಿ, ಮಾಸ್ಕ್ ಪರೀಕ್ಷೆ ಮಾಡಲು ಐದು ನಿಮಿಷ ಬೇಕು. ಅದು ವಿಶ್ರಾಂತಿಯಲ್ಲಿ ಸೇರುವುದಿಲ್ಲ. ಹಾಗಾಗಿ ಅವರು ಎರಡನೇ ಸಲ ಒಳಗೆ ಹೋಗುವುದು 11.45ಕ್ಕೆ. ನಡುವಿನ ಐದು ನಿಮಿಷ ಬಾಗಿಲಿನ ಹೊರಗಿಂದ ನೀರು ಬಿಡಿ. ಆ ಜೋಡಿ 12.05ಕ್ಕೆ ಹೊರಗೆ. ಎರಡನೇ ಜೋಡಿ ಎರಡನೇ ಸಲ ಮುಗಿಸುವಾಗ 12.25. ಅಲ್ಲಿಗೆ ನಿಮ್ಮ ಠಾಣೆಯ ಶಕ್ತಿ ಮುಗಿಯಿತು. ಎಂಬತ್ತೈದು ನಿಮಿಷ.

ಅಂದರೆ 12.25ಕ್ಕೆ ಹೊಸ ಜನ ಸೂಟ್ ಹಾಕಿ ಬಾಗಿಲಲ್ಲಿ ನಿಂತಿರಬೇಕು. ಪಕ್ಕದ ತಾಲ್ಲೂಕಿನಿಂದಲೋ ಮೈಸೂರಿನಿಂದಲೋ ಗಾಡಿ ಬರಲು ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ಬಂದವರು ಸ್ಥಿತಿ ತಿಳಿದುಕೊಳ್ಳಲು ಹತ್ತು ನಿಮಿಷ. ಹಾಗಾದರೆ ಕಂಟ್ರೋಲ್ ರೂಮಿಗೆ ವೈರ್‌ಲೆಸ್ ಹೋಗಬೇಕಾದದ್ದು ಯಾವಾಗ? ಮೊದಲ ಜೋಡಿ ಮಾಸ್ಕ್ ಹಾಕುವಾಗಲೇ. ಹುಡುಗರು ಸುಸ್ತಾದ ಮೇಲೆ ಕೇಳಿದರೆ ತಡವಾಯಿತು. ನಿಮ್ಮ ಪ್ರಶ್ನೆಗೆ ನಾನು ಕೊಡುವ ಉತ್ತರದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ನಾರು, ಹತ್ತಿ, ಕಬ್ಬಿನ ಸಿಪ್ಪೆ, ಹುಲ್ಲು ಅಂತ ಕರೆ ಬಂದಾಗ ಅದು ಎರಡು ಸಿಲಿಂಡರಿನಲ್ಲಿ ಮುಗಿಯುವ ಕೆಲಸವಲ್ಲ ಅಂತ ಮೊದಲೇ ಗೊತ್ತಿರುತ್ತದಲ್ಲ.

ಈ ಸರದಿಯಲ್ಲಿ ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ. ಒಳಗಿನ ಜೋಡಿ ಸಿಕ್ಕಿಹಾಕಿಕೊಂಡರೆ ಹೋಗಿ ತರಲು ಸೂಟ್ ಹಾಕಿ ಸಿದ್ಧವಾಗಿ ನಿಂತ ಇನ್ನೊಂದು ಜೋಡಿ ಬೇಕು. ಕೋಟು ಬಿಚ್ಚಿ ಕೈ ನೀರಲ್ಲಿಟ್ಟು ಕೂತವರು ಆ ಜೋಡಿ ಆಗಲಾರರು. ನಾಲ್ವರಲ್ಲಿ ಎರಡೂ ಆಗುವುದಿಲ್ಲ. ಆದ್ದರಿಂದ ಗೋಡೌನ್ ಒಳಗೆ ಯಾರೂ ಇಲ್ಲ ಅಂತ ಖಾತ್ರಿಯಾದರೆ, ಎರಡನೇ ಗಾಡಿ ಬರುವ ತನಕ ಒಳಗೆ ಕಳಿಸಬೇಡಿ. ಹೊರಗಿಂದ ನೀರು ಬಿಡಿ, ಪಕ್ಕದ ಕಟ್ಟಡ ಉಳಿಸಿ. ಜೆಸಿಬಿ ತರಿಸಿ ಬೇಲು ಹೊರಗೆ ಎಳೆಸಿ, ಬಯಲಲ್ಲಿ ಆರಿಸಿ. ಸರಕು ಹೋಯಿತು ಅಂತ ಮಾಲೀಕರು ಗೋಳಾಡುತ್ತಾರೆ, ಅದು ಸಹಜ. ಆದರೆ ಬೆಂಕಿ ಹಿಡಿದು ನೀರು ಕುಡಿದ ನಾರು ಹೇಗೂ ಹೋದದ್ದೇ.

ಮೂರನೇ ಸಿಲಿಂಡರಿಗೆ ಬೇರೆ ಲೆಕ್ಕ ಇದೆ ಅಂದೆ. ಒಳಗೆ ಜನ ಇದ್ದಾರೆ, ಬೇರೆ ಯಾರೂ ಇಲ್ಲ ಅನ್ನುವಾಗ ಮಾತ್ರ. ಆಗಲೂ ಮೂರು ವಿಷಯ ನೋಡಿ. ಮೊದಲನೆಯದು ನಾಡಿ. 20 ನಿಮಿಷ ಕೂತ ಮೇಲೆ ಮಣಿಕಟ್ಟಿನಲ್ಲಿ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. 100ಕ್ಕಿಂತ ಮೇಲಿದ್ದರೆ ಅವನು ಇನ್ನೂ ತಣಿದಿಲ್ಲ, ಇನ್ನೂ ಹತ್ತು ನಿಮಿಷ ಕೂರಲಿ. ಆಮೇಲೂ ಇಳಿಯದಿದ್ದರೆ ಆ ದಿನಕ್ಕೆ ಅವನ ಕೆಲಸ ಮುಗಿಯಿತು, 108ರವರಿಗೆ ತೋರಿಸಿ. ಹಣೆಗೆ ಹಿಡಿಯುವ ಥರ್ಮಾಮೀಟರ್ ನಂಬಬೇಡಿ. ಬೆವರಿದ, ತೊಳೆದ ಹಣೆ ತಣ್ಣಗೇ ತೋರಿಸುತ್ತದೆ.

ಎರಡನೆಯದು ನಿಮ್ಮ ಕೈಯಲ್ಲಿರುವ ಬೋರ್ಡು. ಅದರಲ್ಲಿ ಒಳಗೆ ಹೋದ ಸಮಯ, ಒತ್ತಡ, ಹೊರಗೆ ಬಂದ ಸಮಯ, ಒತ್ತಡ ಎಲ್ಲ ಬರೆದಿರುತ್ತದೆ. ಉದಾಹರಣೆಗೆ, ಮೊದಲ ಸಲ ಒಬ್ಬ 20 ನಿಮಿಷಕ್ಕೆ 205 ಬಾರ್ ಖರ್ಚು ಮಾಡಿದ್ದ ಅಂತ ಇಟ್ಟುಕೊಳ್ಳಿ, ಅಂದರೆ ನಿಮಿಷಕ್ಕೆ 10 ಬಾರ್‌ನ ಹತ್ತಿರ. ಎರಡನೇ ಸಲ ಅದೇ ಕೆಲಸಕ್ಕೆ 17 ನಿಮಿಷದಲ್ಲೇ 220 ಹೋಯಿತು, ನಿಮಿಷಕ್ಕೆ 13. ಕೆಲಸ ಹೆಚ್ಚಾಗಿಲ್ಲ, ಉಸಿರು ಹೆಚ್ಚಾಗಿದೆ. ಮೈ ಕಾದವನು ಜಾಸ್ತಿ ಉಸಿರಾಡುತ್ತಾನೆ. ಎರಡನೇ ಸಲ ಬೇರೆ ಕಷ್ಟದ ಕೆಲಸ ಮಾಡಿದ್ದರೆ ಈ ಹೋಲಿಕೆ ನಡೆಯುವುದಿಲ್ಲ, ಅದು ನೆನಪಿರಲಿ. ಆದರೆ ಒಂದೇ ಬೇಲಿನ ರಾಶಿ ಮುಂದೆ ನಿಂತವನ ವಿಷಯದಲ್ಲಿ ಇದು ಚೆನ್ನಾಗಿ ಹಿಡಿದುಕೊಡುತ್ತದೆ.

ಮೂರನೆಯದು ಮಾತು. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ವರ್ಷಗಳ ಹಿಂದೆ ಮೈಸೂರಿನಲ್ಲಿ ಒಂದು ಗೋದಾಮಿನ ಬೆಂಕಿ. ಶಾಂತ ಸ್ವಭಾವದ ಹುಡುಗನೊಬ್ಬ ಎರಡನೇ ಸಿಲಿಂಡರ್ ಮುಗಿಸಿ ಬಂದವನು ನನ್ನ ಮೇಲೆ ರೇಗಿದ. ಕೋಟು ಬಿಚ್ಚು ಅಂದರೆ ಬಿಚ್ಚಲಿಲ್ಲ. ಎದುರು ಮಾತಾಡುತ್ತಾನೆ ಅಂತ ನಾನೂ ಗದರಿದೆ. ಐದು ನಿಮಿಷದಲ್ಲಿ ಅವನು ಗ್ಲೌಸನ್ನು ತಪ್ಪು ಕೈಗೆ ಹಾಕಲು ಒದ್ದಾಡುತ್ತಿದ್ದ. ಆಗ ನನಗೆ ಅರ್ಥವಾಯಿತು. ಅವನು ಜಗಳ ಆಡುತ್ತಿರಲಿಲ್ಲ, ಬಿಸಿ ಅವನ ಮೆದುಳಿಗೆ ಹೋಗಿತ್ತು. ಆ ಐದು ನಿಮಿಷ ನಾನು ಕಳೆದುಕೊಂಡೆ. ಅವನು ಬದುಕಿದ, ಅದು ನನ್ನ ಪುಣ್ಯ. ಅಂದಿನಿಂದ ಹೊರಗೆ ಬಂದ ಪ್ರತಿಯೊಬ್ಬನಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಹೊರಗೆ ಬರುವಾಗ ಗೇಜ್ ಎಷ್ಟಿತ್ತು, ಜೊತೆಯವನನ್ನು ಎಲ್ಲಿ ಬಿಟ್ಟೆ? ಉತ್ತರ ಬೋರ್ಡಿಗೆ ಹೊಂದಬೇಕು. ತಡವರಿಸಿದರೆ, ಸಿಟ್ಟಾದರೆ, ಸುಮ್ಮನೆ ನಕ್ಕರೆ ಅವನನ್ನು ಕೂರಿಸಿ.

ಮಾತು ತೊದಲಿತು, ನಡಿಗೆ ತೂರಾಡಿತು, ಎಚ್ಚರ ತಪ್ಪಿತು ಅಂದರೆ ಅದು ಶಾಖಾಘಾತ ಅಂತಲೇ ತಿಳಿಯಿರಿ. ಬೆವರುತ್ತಿದ್ದಾನಲ್ಲ, ಹಾಗಾಗಿ ಅಲ್ಲ ಅಂದುಕೊಳ್ಳಬೇಡಿ. ದುಡಿದು ಬರುವ ಶಾಖಾಘಾತದಲ್ಲಿ ಮೈ ಒದ್ದೆಯಾಗಿಯೇ ಇರುತ್ತದೆ. 108ಕ್ಕೆ ಕರೆ ಮಾಡಿಸಿ, ಆದರೆ ಆಂಬುಲೆನ್ಸ್ ಕಾಯುತ್ತಾ ನಿಲ್ಲಬೇಡಿ. ಸೂಟ್ ಪೂರ್ತಿ ತೆಗೆಯಿರಿ. ಟಾರ್ಪಾಲಿನ್ ಮೇಲೆ ಮಲಗಿಸಿ, ನಾಲ್ಕು ಮೂಲೆ ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿ, ಕತ್ತಿನ ತನಕ ನೀರು ತುಂಬಿಸಿ. ಐಸ್ ಇದ್ದರೆ ಸುರಿಯಿರಿ. ಒಬ್ಬರು ತಲೆ ಹಿಡಿದಿರಬೇಕು, ಒಬ್ಬರು ನೀರು ಕಲಕುತ್ತಿರಬೇಕು. ನಿಂತ ನೀರು ಚರ್ಮದ ಪಕ್ಕದಲ್ಲಿ ಬೇಗ ಬೆಚ್ಚಗಾಗುತ್ತದೆ. ಬಾಯಿಗೆ ಏನೂ ಹಾಕಬೇಡಿ. ಸಾವಿರಾರು ಲೀಟರ್ ನೀರು ನಿಮ್ಮ ಟೆಂಡರಿನಲ್ಲೇ ಇದೆ. ಅದು ಕುಡಿಯಲು ಆಗದು, ಇದಕ್ಕೆ ಆಗುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿದರೆ ಮೆದುಳು, ಮೂತ್ರಪಿಂಡ ಎರಡೂ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ತಣಿಸದೆ ಗಾಡಿಯಲ್ಲಿ ಹಾಕಿಕೊಂಡು ಮಂಡ್ಯದ ಆಸ್ಪತ್ರೆಗೆ ಓಡಿದರೆ ಆ ಅರ್ಧ ಗಂಟೆ ರಸ್ತೆಯಲ್ಲೇ ಹೋಗುತ್ತದೆ.

ಬರೀ ತಲೆಸುತ್ತು ಬಂದು ಕುಸಿದು, ಮಲಗಿಸಿ ಕಾಲೆತ್ತಿದ ಕೂಡಲೇ ಸರಿಯಾಗಿ ಮಾತಾಡಿದ ಅಂದರೆ ಅಷ್ಟು ಭಯ ಬೇಡ. ನಿಮ್ಮ ಹುಡುಗ ಹಾಗೇ ಆಗಿದ್ದನೋ ಅನ್ನಿಸುತ್ತದೆ. ಆಗಲೂ ಅವನನ್ನು ಆ ದಿನ ಮತ್ತೆ ಸೆಟ್ ಹಾಕಿಸಬಾರದು. ಮರುದಿನವೂ ಬೇಡ. ಒಮ್ಮೆ ಹೀಗೆ ಬಳಲಿದ ಮೈ ಮರುದಿನ ಬೇಗ ಕಾಯುತ್ತದೆ.

ಠಾಣೆಗೆ ಬಂದ ಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿ. ಡ್ಯೂಟಿಗೆ ಬಂದಾಗ 72 ಕೆಜಿ ಇದ್ದವನು ಈಗ 70.4 ಅಂದರೆ 1.6 ಲೀಟರ್ ನೀರು ಹೋಗಿದೆ. ನೂರಕ್ಕೆ ಎರಡು ದಾಟಿತು, ಇದು ಕೆಲಸದ ಶಕ್ತಿ ಕುಗ್ಗುವ ಮಟ್ಟ. ಹೋದದ್ದಕ್ಕಿಂತ ಸ್ವಲ್ಪ ಹೆಚ್ಚು, ಎರಡು ಎರಡೂಕಾಲು ಲೀಟರ್, ಸಂಜೆ ತನಕ ನಿಧಾನವಾಗಿ ಕುಡಿಯಲಿ. ಊಟ ಬಿಡದಿರಲಿ. ಮುದ್ದೆ, ಸಾರು, ಉಪ್ಪಿನ ಮಜ್ಜಿಗೆ ಹೊಟ್ಟೆಗೆ ಬಿದ್ದರೆ ಕುಡಿದ ನೀರು ಮೈಯಲ್ಲಿ ನಿಲ್ಲುತ್ತದೆ. ಬರೀ ನೀರು ಮೂತ್ರವಾಗಿ ಹೋಗಿಬಿಡುತ್ತದೆ. ಕರೆ ಯಾವಾಗ ಬರುತ್ತದೋ ಗೊತ್ತಿಲ್ಲದ ಕೆಲಸ ನಮ್ಮದು. ಹಾಗಾಗಿ ಡ್ಯೂಟಿ ಪೂರ್ತಿ ಮೂತ್ರ ತಿಳಿ ಹಳದಿ ಇರುವಂತೆ ಕುಡಿಯುತ್ತಿರಬೇಕು. ಗಾಡಿ ಹತ್ತುವಾಗಲೇ ಒಣಗಿದ್ದವನಿಗೆ ಸ್ಥಳದಲ್ಲಿ ಎಷ್ಟು ಕೊಟ್ಟರೂ ಸಾಲುವುದಿಲ್ಲ.

ಕೊನೆಯದಾಗಿ ಆ ಹುಡುಗನನ್ನು ಕೂರಿಸಿಕೊಂಡು ಮೂರು ಮಾತು ಕೇಳಿ. ಆ ದಿನಕ್ಕೆ ಮುಂಚೆ ಎರಡು ಮೂರು ವಾರ ರಜೆಯಲ್ಲಿದ್ದನಾ? ಬಿಸಿಲಿನ ಕೆಲಸಕ್ಕೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು, ರಜೆಯಲ್ಲಿ ಅದು ಹೋಗಿಬಿಡುತ್ತದೆ. ನೆಗಡಿಗೆ, ಅಲರ್ಜಿಗೆ, ಬಿಪಿಗೆ ಮಾತ್ರೆ ನುಂಗಿದ್ದನಾ? ಕೆಲವು ಬೆವರನ್ನು ತಡೆಯುತ್ತವೆ, ಕೆಲವು ನೀರನ್ನು ಹೊರಗೆ ಹಾಕುತ್ತವೆ. ಆಮೇಲೆ, ಆ ರಾತ್ರಿ ಅಥವಾ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ಬಂದಿತ್ತಾ, ತೊಡೆ ಭುಜ ಹಿಡಿದುಕೊಂಡು ನೋಯುತ್ತಿತ್ತಾ? ಹೌದು ಅಂದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು. ಈಗ ಚೆನ್ನಾಗಿದ್ದಾನೆ ಅನ್ನಿಸಿದರೂ ಈ ವಾರವೇ ಅವನನ್ನು ಕರೆದುಕೊಂಡು ಹೋಗಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಅದರ ಫಲಿತಾಂಶ ವೈದ್ಯರು ನೋಡಿ ಒಪ್ಪುವ ತನಕ ಅವನ ಹೆಸರನ್ನು ಸಿಲಿಂಡರ್ ಹಾಕಿ ಒಳಗೆ ಹೋಗುವವರ ಸರದಿಯಲ್ಲಿ ಹಾಕಬೇಡಿ, ಪಂಪಿಗೆ ಹಾಕಿ.